ಕೆಟ್ಟ ಮಿಕ್ಸಿ, 170 ಪದದ ದೂರು

ಇಂಗ್ಲಿಷ್ ಎಷ್ಟು ಬರುತ್ತದೆ ಅಂತ ಅಳೆಯುವ ಐಇಎಲ್‌ಟಿಎಸ್ ಜನರಲ್ ಪರೀಕ್ಷೆಗೆ ಓದುವಾಗ ನಾನು ಅಭ್ಯಾಸಕ್ಕೆ ಬರೆದ ಮೊದಲ ದೂರು ಪತ್ರ 240 ಪದ ಆಗಿತ್ತು. ಕೇಳುವುದು ಕನಿಷ್ಠ 150. ಜಾಸ್ತಿ ಬರೆದರೆ ಅಂಕ ಕತ್ತರಿಸುವುದಿಲ್ಲ, ಆದರೆ ಸಮಯ ಹೋಗುತ್ತದೆ. ಪತ್ರಕ್ಕೆ 20 ನಿಮಿಷ ಲೆಕ್ಕ, ನನಗೆ ಹಿಡಿದದ್ದು 32. ಇದಾದ ಮೇಲೆ ಬರೆಯಬೇಕಾದ ಪ್ರಬಂಧಕ್ಕೆ ಪತ್ರದ ಎರಡು ಪಟ್ಟು ತೂಕ ಬೇರೆ.

ಪ್ರಶ್ನೆ ಹೀಗಿತ್ತು: ಕೊಂಡ ವಸ್ತು ಕೆಟ್ಟಿದೆ. ಏನಾಗಿದೆ ಹೇಳಿ, ಅಂಗಡಿಯವರನ್ನು ಕೇಳಿದಾಗ ಏನಾಯಿತು ಹೇಳಿ, ಕಂಪನಿ ಏನು ಮಾಡಬೇಕು ಹೇಳಿ. ನಾನು ಮಿಕ್ಸಿ ಆರಿಸಿಕೊಂಡೆ. ಹಬ್ಬಕ್ಕೆ ಕೊಂಡದ್ದು, ಅಮ್ಮನಿಗೆ ಇಷ್ಟವಾದದ್ದು, ಬಣ್ಣ, ಎಲ್ಲ ಬರೆದೆ. ಅಕ್ಕ ಓದಿ, "ದುಡ್ಡು ವಾಪಸ್ ಬೇಕಾ, ಹೊಸ ಮಿಕ್ಸಿ ಬೇಕಾ? ಅದನ್ನೇ ಹೇಳಿಲ್ವಲ್ಲೇ" ಅಂದಳು. ನಿಜ, ಮೂರನೇ ಅಂಶಕ್ಕೆ ಅರ್ಧ ಸಾಲು ಕೊಟ್ಟಿದ್ದೆ. ಮೂರರಲ್ಲಿ ಒಂದು ಸೊರಗಿದರೂ ಅಂಕ ಇಳಿಯುತ್ತದೆ.

ಆಮೇಲೆ ಕ್ರಮ ಬದಲಾಯಿಸಿದೆ. ಮೊದಲು ಚೀಟಿಯಲ್ಲಿ ಕೊನೆಯ ಬೇಡಿಕೆ ಬರೆದುಕೊಳ್ಳುತ್ತಿದ್ದೆ: "ಹತ್ತು ದಿನದಲ್ಲಿ ಹೊಸದು ಕೊಡಿ, ಇಲ್ಲವಾದರೆ ಪೂರ್ತಿ ಹಣ." ಅದಕ್ಕೆ ಪುರಾವೆಯಾಗದ ಮಾತೆಲ್ಲ ಹೊರಗೆ. ಹಬ್ಬ, ಅಮ್ಮ, ಬಣ್ಣ ಹೋದವು. ಕೊಂಡ ದಿನ, ಮಾದರಿ ಸಂಖ್ಯೆ, ಬಿಲ್ ಉಳಿದವು. ಇವನ್ನು ಸುಮ್ನೆ ಕಲ್ಪಿಸಿ ಬರೆಯಬಹುದು. ವಿಳಾಸ ಬೇಡ ಅಂತ ಪ್ರಶ್ನೆಯಲ್ಲೇ ಇರುತ್ತದೆ.

ಪದಗಳನ್ನು ಹೀಗೆ ಹಂಚಿಕೊಂಡೆ: ಯಾಕೆ ಬರೆಯುತ್ತಿದ್ದೇನೆ ಅನ್ನುವುದಕ್ಕೆ 25, ತೊಂದರೆಗೆ 55, ಅಂಗಡಿಯ ಮಾತಿಗೆ 40, ಬೇಡಿಕೆಗೆ 40, ಮುಗಿಸಲು 10. ಒಟ್ಟು 170.

ಹೆಚ್ಚು ತಿದ್ದಿದ್ದು ತೊಂದರೆಯ ಭಾಗವನ್ನು. ಮೊದಲು "ತುಂಬಾ ಕಳಪೆ ಮಿಕ್ಸಿ, ನಮಗೆ ಬಹಳ ಬೇಸರವಾಗಿದೆ" ಅಂತಿತ್ತು. ಅದರಿಂದ ಓದುವವರಿಗೆ ಏನೂ ತಿಳಿಯುವುದಿಲ್ಲ, ಅಲ್ವಾ? ಹೀಗೆ ಮಾಡಿದೆ: "ಜಾರಿನ ತಳದಿಂದ ಸೋರಿದ ನೀರು ಮೋಟರಿಗೆ ಇಳಿದು, ಎರಡೇ ನಿಮಿಷಕ್ಕೆ ಸುಟ್ಟ ವಾಸನೆ ಬಂತು, ಮೂರನೇ ದಿನ ಮಿಕ್ಸಿ ನಿಂತೇಹೋಯಿತು." ಇಂಗ್ಲಿಷಿನಲ್ಲಿ ಇದನ್ನು ಕಾರಣ ಮತ್ತು ಪರಿಣಾಮ ಸೇರಿದ ಒಂದೇ ವಾಕ್ಯವಾಗಿ ಬರೆದರೆ ವ್ಯಾಕರಣದ ಅಂಕಕ್ಕೂ ಒಳ್ಳೆಯದು.

ಸಿಟ್ಟಿನ ಮಾತು ಬಿಟ್ಟೆ. "ನೀವು ಮೋಸಗಾರರು" ಅನ್ನುವ ಕಡೆ "ಅಂಗಡಿಯವರು ಎರಡು ಸಲವೂ ಬಿಲ್ ನೋಡಲು ಒಪ್ಪಲಿಲ್ಲ" ಅಂತ ಬರೆದೆ. ಹೆಸರು ಗೊತ್ತಿಲ್ಲದವರಿಗೆ "ಡಿಯರ್ ಸರ್ ಆರ್ ಮೇಡಂ" ಅಂತ ಶುರು ಮಾಡಿದರೆ ಕೊನೆಗೆ "ಯುವರ್ಸ್ ಫೇಯ್ತ್‌ಫುಲಿ". ನಾನು ಒಂದು ಸಲ ಅಭ್ಯಾಸಬಲದಿಂದ "ಬೆಸ್ಟ್ ವಿಶಸ್" ಹಾಕಿದ್ದೆ, ದೂರಿನ ಕೆಳಗೆ!

ಕಾಗದದ ಮೇಲೆ ಬರೆಯುವಾಗ ಪದ ಎಣಿಸುತ್ತಾ ಕೂರಲಿಲ್ಲ. ನನ್ನ ಕೈಬರಹದಲ್ಲಿ ಒಂದು ಸಾಲಿಗೆ ಹತ್ತು ಪದ. ಹದಿನೇಳನೇ ಸಾಲಿಗೆ ಬಂದರೆ ಪೆನ್ನು ಎತ್ತಿಬಿಡುತ್ತಿದ್ದೆ.