ಬಾಣಲೆಯಿಂದ ಎತ್ತಿದ ಮೇಲಿನ ಅರ್ಧ ನಿಮಿಷ

ಆಲೂಗಡ್ಡೆ ಚಿಪ್ಸ್ ಹೆಚ್ಚಿನ ಎಣ್ಣೆಯನ್ನು ಕುಡಿಯುವುದು ಬಾಣಲೆಯಿಂದ ಹೊರಬಂದ ಮೇಲೆ ಎಂಬ ನನ್ನ ಮಾತನ್ನು ನಮ್ಮ ಹಿರಿಯ ಭಟ್ಟರಾಗಲಿ ಪಾಲುದಾರರಾಗಲಿ ನಂಬಿರಲಿಲ್ಲ. "ಉರಿ ತಗ್ಗಿಸಿ ಸ್ವಾಮಿ, ಎಣ್ಣೆ ತಾನಾಗಿ ಉಳಿಯುತ್ತದೆ" ಎಂಬುದು ಭಟ್ಟರ ವಾದವಾಗಿತ್ತು. ಹಾಗೆಯೇ ಮಾಡಿ ನೋಡಿದೆವು. ಚಿಪ್ಸ್ ಮೆತ್ತಗಾಯಿತು, ಎಣ್ಣೆ ಇನ್ನಷ್ಟು ಮೆತ್ತಿಕೊಂಡಿತು.

ಕರಿಯುವಾಗ ಹೋಳಿನೊಳಗಿನ ನೀರು ಆವಿಯಾಗಿ ಹೊರನುಗ್ಗುತ್ತಿರುತ್ತದೆ, ಆದ್ದರಿಂದ ಎಣ್ಣೆಗೆ ಒಳದಾರಿ ಸಿಗುವುದು ಕಷ್ಟ. ಎತ್ತಿದೊಡನೆ ಹೋಳು ತಣಿಯತೊಡಗುತ್ತದೆ, ಉಳಿದ ಆವಿ ನೀರಾಗಿ ಕುಗ್ಗುತ್ತದೆ, ಒಳಗಿನ ಒತ್ತಡ ಇಳಿದು ಮೈಮೇಲಿನ ಎಣ್ಣೆಯನ್ನು ಸಣ್ಣ ರಂಧ್ರಗಳು ಹೀರಿಕೊಳ್ಳುತ್ತವೆ. ತಣಿದಂತೆ ಎಣ್ಣೆ ಮಂದವಾಗುವುದರಿಂದ ಸೋರುವುದೂ ನಿಲ್ಲುತ್ತದೆ. ಹಾಗಾಗಿ ತಣ್ಣಗಾದ ಚಿಪ್ಸನ್ನು ಕಾಗದದ ಮೇಲೆ ಹರಡಿದರೂ ಅಷ್ಟೆ, ಎಣ್ಣೆ ತೆಗೆಯುವ ಯಂತ್ರದಲ್ಲಿ ತಿರುಗಿಸಿದರೂ ಅಷ್ಟೆ. ಮೂವತ್ತು ಸಾವಿರದಷ್ಟು ಕೊಟ್ಟು ತಂದ ಆ ಯಂತ್ರ ಮೊದಲ ವಾರಗಳಲ್ಲಿ ಪುಡಿಯನ್ನು ಮಾತ್ರ ಕೊಟ್ಟದ್ದು ಇದೇ ಕಾರಣಕ್ಕೆ.

ಈಗ ಗುಳ್ಳೆ ನಿಲ್ಲುವ ಹೊತ್ತಿಗೆ ಉರಿ ಏರಿಸಿ, ಎಣ್ಣೆ ಸುಮಾರು 175 ಡಿಗ್ರಿಯಲ್ಲಿರುವಾಗಲೇ ಒಬ್ಬೆಯನ್ನು ಎತ್ತುತ್ತೇವೆ. ಜಾಲರಿಯನ್ನು ಬಾಣಲೆಯ ಬಿಸಿಯ ಮೇಲೆಯೇ ಹಿಡಿದು ಎರಡು ಮೂರು ಬಾರಿ ಕೊಡವಿ, ಹತ್ತು ಸೆಕೆಂಡಿನೊಳಗೆ ಯಂತ್ರಕ್ಕೆ ಸುರಿದು, ಅರ್ಧ ನಿಮಿಷಕ್ಕಿಂತ ಕಡಿಮೆ ತಿರುಗಿಸುತ್ತೇವೆ. ಯಂತ್ರದ ಬುಟ್ಟಿ ತಣ್ಣಗಿದ್ದರೆ ದಿನದ ಮೊದಲ ಒಬ್ಬೆ ಜಿಡ್ಡಾಗಿಯೇ ಬರುತ್ತದೆ; ಅದನ್ನು ನಾವು ಬಿಸಿ ಮಾಡಿಕೊಳ್ಳುವ ಬಗೆಯನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಸಿಪ್ಪೆ ತೆಗೆದ ಹತ್ತು ಕಿಲೋ ಆಲೂಗಡ್ಡೆಗೆ ಮೊದಲು ಒಂದು ಕಿಲೋಗಿಂತ ತುಸು ಹೆಚ್ಚು ಎಣ್ಣೆ ಖರ್ಚಾಗುತ್ತಿತ್ತು, ಈಗ ಸುಮಾರು 800 ಗ್ರಾಂ. ಬಾಣಲೆಯ ಎಣ್ಣೆಯನ್ನೂ ಯಂತ್ರದಿಂದ ಮರಳಿ ಬಂದದ್ದನ್ನೂ ತೂಗಿಯೇ ಈ ಲೆಕ್ಕ ಹೇಳುತ್ತಿದ್ದೇನೆ. ಉಳಿತಾಯ ಮೂವತ್ತೈದು ರೂಪಾಯಿಯಷ್ಟು. ಆದರೆ ಚಿಪ್ಸಿನ ತೂಕವೂ 2.9 ಕಿಲೋದಿಂದ 2.65ಕ್ಕೆ ಇಳಿಯಿತು, ಮತ್ತು ಕಿಲೋಗೆ 250ರಂತೆ ಮಾರುವವನಿಗೆ ಅದು ಅರವತ್ತು ರೂಪಾಯಿಗೂ ಮೀರಿದ ನಷ್ಟ. ಪಾಲುದಾರರು ಇದನ್ನೇ ಹಿಡಿದು ಜಗ್ಗಿದರು. ಬೆಲೆಯನ್ನು 275ಕ್ಕೆ ಏರಿಸಿದ ಮೇಲೆ ಲೆಕ್ಕ ಸರಿಹೋಯಿತು. ಜಿಡ್ಡು ವಾಸನೆಯೆಂದು ಅಂಗಡಿಗಳಿಂದ ವಾಪಸಾಗುತ್ತಿದ್ದ ಪೊಟ್ಟಣಗಳು ಬಹುತೇಕ ನಿಂತದ್ದೇ ನಿಜವಾದ ಲಾಭ. ಪಾಲುದಾರರು ಈಗ ಇದು ತಮ್ಮದೇ ಯೋಜನೆ ಎನ್ನುತ್ತಾರೆ, ಎನ್ನಲಿ.

ನಿಪ್ಪಟ್ಟಿನಲ್ಲಿಯೂ ಪ್ರಯತ್ನಿಸಿದೆ, ಲಾಭ ಅಲ್ಪ. ಹಿಟ್ಟಿಗೇ ಕಾದ ಎಣ್ಣೆ ಹಾಕಿ ಕಲಸಿರುವಾಗ ಅದನ್ನು ಯಾವ ಯಂತ್ರವೂ ತೆಗೆಯಲಾರದು. ಕೊಬ್ಬರಿ ಎಣ್ಣೆಯಲ್ಲಿ ಕರಿದ ಬಾಳೆಕಾಯಿ ಚಿಪ್ಸಿಗೆ ಚಳಿಗಾಲದಲ್ಲಿ ಇನ್ನೂ ಅವಸರ ಬೇಕು, ಏಕೆಂದರೆ ಆ ಎಣ್ಣೆ 24 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟುತ್ತದೆ. ಬೋಂಡಾ ಯಂತ್ರದಲ್ಲಿ ಒಡೆಯುವುದರಿಂದ ಅದನ್ನು ಬಾಣಲೆಯ ಮೇಲೆಯೇ ಕೊಡವಿ, ಒಂದರ ಮೇಲೊಂದು ಪೇರಿಸದೆ ತಂತಿಯ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಇಡುತ್ತೇವೆ.