ಒಗ್ಗರಣೆ ಸದ್ದು ಮಾಡಿದ ಕೂದಲು

ಮಡಿಕೇರಿಯಲ್ಲಿ ನನ್ನದೊಂದು ಚಿಕ್ಕ ಪಾರ್ಲರ್ ಇದೆ. ಕಕ್ಕಡ ತಿಂಗಳ ಮಳೆಯಲ್ಲಿ ಕಾಲೇಜು ಹುಡುಗಿಯೊಬ್ಬಳು ಬಂದಳು. "ಅಕ್ಕಾ, ದಿನಾ ಬಿಸಿ ತಡೆಯೋ ಸ್ಪ್ರೇ ಹಾಕೇ ಸ್ಟ್ರೈಟ್ ಮಾಡ್ತೀನಿ, ಆದ್ರೂ ಕೂದಲು ತುಂಡಾಗ್ತಿದೆ" ಅಂದಳು. ತುದಿ ಮುಟ್ಟಿದರೆ ತೆಂಗಿನ ನಾರಿನ ಹಾಗೆ ಒರಟು. ಅಲ್ಲಲ್ಲಿ ಬಿಳಿ ಚುಕ್ಕೆ, ಎಳೆದರೆ ಅಲ್ಲೇ ಮುರಿಯುತ್ತಿತ್ತು.

ಮನೆಯಲ್ಲಿ ಮಾಡುವ ಹಾಗೇ ಇಲ್ಲೂ ಮಾಡಿ ತೋರಿಸು ಅಂದೆ. ಸ್ವಲ್ಪ ತೇವ ಇದ್ದ ಕೂದಲಿಗೆ ಚೆನ್ನಾಗಿ ಸ್ಪ್ರೇ ಹೊಡೆದು, ತಕ್ಷಣ 230 ಡಿಗ್ರಿಯಲ್ಲಿ ಸ್ಟ್ರೈಟ್ನರ್ ಒತ್ತಿದಳು. ಒಗ್ಗರಣೆ ಹಾಕಿದ ಹಾಗೆ ಚುಯ್ ಅಂತ ಸದ್ದು, ಜೊತೆಗೆ ಹಬೆ. ಕಾರಣ ಅಲ್ಲೇ ಸಿಕ್ಕಿತು. ಕೂದಲಿನೊಳಗಿನ ನೀರು ಒಮ್ಮೆಲೇ ಹಬೆಯಾಗಿ ಒಳಗೇ ಗುಳ್ಳೆ ಮಾಡುತ್ತೆ. ಗುಳ್ಳೆ ಇರುವ ಕಡೆ ಕೂದಲು ಮುರಿಯುತ್ತೆ. ಸ್ಪ್ರೇ ತಡೆಯೋದು ಹಾಗಿರಲಿ, ಹಸಿ ಸ್ಪ್ರೇಯೇ ಅಲ್ಲಿ ಇನ್ನಷ್ಟು ನೀರು ಸೇರಿಸಿತ್ತು.

ಸ್ಪ್ರೇ ಸುಮ್ನೆ ಅಂತ ನಾನು ಹೇಳಲ್ಲ. ಅದರಲ್ಲಿರುವ ಡೈಮೆಥಿಕೋನ್ ತರದ ಸಿಲಿಕೋನ್ ಕೂದಲಿನ ಮೇಲೆ ತೆಳುವಾದ ಪದರವಾಗಿ ಕೂರುತ್ತೆ. ಬಿಸಿ ಸ್ವಲ್ಪ ನಿಧಾನವಾಗಿ ಒಳಗಿಳಿಯುತ್ತೆ, ಪ್ಲೇಟ್ ಸಲೀಸಾಗಿ ಜಾರುತ್ತೆ. ಅಷ್ಟೇ. ಬಿಸಿ ಪಾತ್ರೆ ಹಿಡಿಯುವ ಮಸಿಬಟ್ಟೆ ಇದ್ದ ಹಾಗೆ. ಕೈ ಸುಡೋದು ಕಡಿಮೆ ಆಗುತ್ತೆ, ಜಾಸ್ತಿ ಹೊತ್ತು ಹಿಡಿದರೆ ಸುಟ್ಟೇ ಸುಡುತ್ತೆ.

ಅವಳ ಇನ್ನೊಂದು ಬದಿಯ ಕೂದಲನ್ನು ನಾನೇ ಮಾಡಿದೆ. ಮೊದಲು ಡ್ರೈಯರ್‌ನಲ್ಲಿ ಬುಡದವರೆಗೆ ಪೂರ್ತಿ ಒಣಗಿಸಿದೆ. ಇಲ್ಲಿನ ಮಳೆಗಾಲದಲ್ಲಿ ಇದಕ್ಕೇ ಅರ್ಧ ಸಮಯ ಹೋಗುತ್ತೆ. ಡ್ರೈಯರ್‌ಗೆ ಮುಂಚೆ ಟವೆಲ್‌ನಲ್ಲಿ ಒರೆಸಿದ ತೇವದ ಕೂದಲಿಗೆ ಸ್ಪ್ರೇ ಹಾಕಬಹುದು, ತೊಂದರೆ ಇಲ್ಲ. ಸ್ಟ್ರೈಟ್ನರ್‌ಗೆ ಮಾತ್ರ ಆ ನಿಯಮ ನಡೆಯಲ್ಲ. ಎರಡು ಬೆರಳಗಲದ ಎಳೆ ತೆಗೆದು, ಒಂದು ಗೇಣು ದೂರದಿಂದ ಎರಡು ಸಲ ಸ್ಪ್ರೇ ಒತ್ತಿ, ಬಾಚಣಿಗೆಯಲ್ಲಿ ತುದಿವರೆಗೆ ಹರಡಿದೆ. ಮುಟ್ಟಿದರೆ ತೇವ ಅನ್ನಿಸದ ಮೇಲೆ 170 ಡಿಗ್ರಿಗೆ ಇಟ್ಟು, ನಿಲ್ಲಿಸದೆ ಒಂದೇ ಸಲ ಎಳೆದೆ. ಸದ್ದೂ ಇಲ್ಲ, ಹಬೆಯೂ ಇಲ್ಲ.

ಮುರಿದ ತುದಿಗೆ ಯಾವ ಸ್ಪ್ರೇಯೂ ಜೀವ ಕೊಡಲ್ಲ. ಎರಡು ಇಂಚು ಕತ್ತರಿಸಿದೆ. ಮುಖ ಸಣ್ಣದಾಯಿತು, ಪಾಪ.

ಹೊರಗೆ ಹೋದವಳು ಕಾಲು ಗಂಟೆಯಲ್ಲಿ ವಾಪಸ್. ಬಸ್ ಸ್ಟ್ಯಾಂಡ್ ತಲುಪುವಷ್ಟರಲ್ಲೇ ಹಣೆಯ ಮೇಲಿನ ಕೂದಲು ಸುರುಳಿ ಸುತ್ತಿತ್ತು. ಬಿಸಿಯಿಂದ ನೇರವಾದ ಕೂದಲು ಗಾಳಿಯ ತೇವ ಹೀರಿ ಹಳೇ ಆಕಾರಕ್ಕೆ ಮರಳುತ್ತೆ. ಸ್ಪ್ರೇ ಪದರ ಅದನ್ನು ಸ್ವಲ್ಪ ಹೊತ್ತು ತಡ ಮಾಡಬಹುದು, ಕೊಡಗಿನ ಮಂಜಿನೆದುರು ಎಷ್ಟೊತ್ತು? "ಇನ್ನೊಂದು ಸಲ ಎಳೀರಿ ಅಕ್ಕಾ" ಅಂದಳು. ಸ್ಟ್ರೈಟ್ನರ್ ತೆಗೆಯಲಿಲ್ಲ. ಕೂರಿಸಿ ಜಡೆ ಹೆಣೆದು ಕಳಿಸಿದೆ.