ದಾಳ ಸರಿಯಿದೆಯೇ? ಅಪರೂಪದ ಒಂದು ಗರ ಲೆಕ್ಕ ಕೆಡಿಸದಂತೆ ಪರೀಕ್ಷಿಸುವುದು ಹೇಗೆ

ಆಟದಲ್ಲಿ ಒಬ್ಬರಿಗೆ ಒಂದೇ ಸಲಕ್ಕೆ ನಾಲ್ಕು ಆರು ಬಿದ್ದರೆ ಉಳಿದವರ ಕಣ್ಣು ದಾಳದ ಮೇಲೆ ಹೋಗುತ್ತದೆ. ದಾಳದಲ್ಲೇ ಏನೋ ಇದೆ ಅನ್ನುವ ಅನುಮಾನ. ಇದನ್ನು ತೀರ್ಮಾನಿಸಲು ಕೈ ಸ್ಕ್ವೇರ್ ಪರೀಕ್ಷೆ ಇದೆ. ಸಿಕ್ಕಿದ ಎಣಿಕೆ ಸಿಗಬೇಕಾದ ಎಣಿಕೆಯಿಂದ ಎಷ್ಟು ದೂರ ಇದೆ ಅಂತ ಅದು ಅಳೆಯುತ್ತದೆ. 1900ರಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಇದನ್ನು ಪ್ರಕಟಿಸಿದಾಗ ಅವರು ಲೆಕ್ಕ ಹಾಕಿ ತೋರಿಸಿದ ಉದಾಹರಣೆಗಳಲ್ಲಿ ದಾಳದ ಎಸೆತಗಳೂ ಇದ್ದವು. ಪರೀಕ್ಷೆ ಸುಲಭ. ಆದರೆ ಬಲು ಅಪರೂಪಕ್ಕೆ ಬೀಳುವ ಗರವನ್ನು ಬೇರೆಯಾಗಿ ಎಣಿಸಿದರೆ ಅದೊಂದೇ ಇಡೀ ತೀರ್ಪನ್ನು ತಲೆಕೆಳಗು ಮಾಡಿಬಿಡುತ್ತದೆ. ಅದನ್ನು ತಡೆಯುವ ದಾರಿ, ಅಂಥ ಗುಂಪುಗಳನ್ನು ಪಕ್ಕದ ಗುಂಪಿಗೆ ಸೇರಿಸುವುದು. ಈ ಲೇಖನದಲ್ಲಿ ಅದನ್ನೇ ನಿಧಾನವಾಗಿ ನೋಡೋಣ.

ಮೊದಲ ಹೆಜ್ಜೆ: ಎಸೆದು ಬರೆದಿಡಿ

ದಾಳವನ್ನು ಲೋಟದಲ್ಲಿ ಚೆನ್ನಾಗಿ ಕುಲುಕಿ ಎಸೆಯಿರಿ. ಬಿದ್ದದ್ದನ್ನು ಬಿದ್ದ ಕ್ರಮದಲ್ಲೇ ಬರೆಯಿರಿ. ನಾಲ್ಕು ಎಸೆತಕ್ಕೆ ಒಂದು ಸುತ್ತು, ಹೀಗೆ 108 ಸುತ್ತು. ಒಟ್ಟು 432 ಎಸೆತ. 108 ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಎಷ್ಟು ಎಸೆತ ಅನ್ನುವುದನ್ನು ಮೊದಲೇ ನಿರ್ಧರಿಸಿ, ಅಷ್ಟಕ್ಕೇ ನಿಲ್ಲಿಸಿ. ನಡುನಡುವೆ ಲೆಕ್ಕ ನೋಡಿಕೊಂಡು, ಅನುಮಾನ ನಿಜವಾದಂತೆ ಕಂಡ ಕೂಡಲೇ ನಿಲ್ಲಿಸಿದರೆ ಆ ಉತ್ತರಕ್ಕೆ ಬೆಲೆಯಿಲ್ಲ.

ಎರಡನೇ ಹೆಜ್ಜೆ: ಮುಖಗಳನ್ನು ಎಣಿಸಿ

ಸರಿಯಾದ ದಾಳವಾದರೆ 432 ಎಸೆತದಲ್ಲಿ ಪ್ರತಿ ಮುಖವೂ ಸುಮಾರು 72 ಸಲ ಬೀಳಬೇಕು. ಇದು ನಿರೀಕ್ಷಿತ ಎಣಿಕೆ. ನಮಗೆ ಒಂದರಿಂದ ಆರರವರೆಗೆ ಕ್ರಮವಾಗಿ 64, 75, 70, 73, 71, 79 ಸಿಕ್ಕಿದೆ ಅಂತಿಟ್ಟುಕೊಳ್ಳಿ.

ಪ್ರತಿ ಮುಖಕ್ಕೂ ಸಿಕ್ಕಿದ್ದರಿಂದ 72 ಕಳೆಯಿರಿ. ಬಂದದ್ದನ್ನು ಅದರಿಂದಲೇ ಗುಣಿಸಿ, 72ರಿಂದ ಭಾಗಿಸಿ. ಆರಕ್ಕೂ ಹೀಗೆ ಮಾಡಿ ಕೂಡಿಸಿ. ಇಲ್ಲಿ ವ್ಯತ್ಯಾಸಗಳ ವರ್ಗ 64, 9, 4, 1, 1, 49. ಮೊತ್ತ 128. 72ರಿಂದ ಭಾಗಿಸಿದರೆ 1.78. ಇದೇ ಕೈ ಸ್ಕ್ವೇರ್ ಬೆಲೆ.

ಇದನ್ನು ಕೈ ಸ್ಕ್ವೇರ್ ಪಟ್ಟಿಯ ಗಡಿ ಸಂಖ್ಯೆಯ ಜೊತೆ ಹೋಲಿಸಬೇಕು. ಬೆಲೆ ಗಡಿ ದಾಟಿದರೆ ಅನುಮಾನ ಗಟ್ಟಿ. ಗಡಿ ಯಾವುದು ಅನ್ನುವುದು ಡಿಗ್ರೀಸ್ ಆಫ್ ಫ್ರೀಡಂ, ಅಂದರೆ ಸ್ವತಂತ್ರವಾಗಿ ಬದಲಾಗಬಲ್ಲ ಎಣಿಕೆಗಳು ಎಷ್ಟು ಅನ್ನುವುದರ ಮೇಲೆ ನಿಂತಿದೆ. ಆರು ಮುಖಗಳಲ್ಲಿ ಐದರ ಎಣಿಕೆ ಗೊತ್ತಾದರೆ ಆರನೆಯದು ತಾನಾಗಿ ಗೊತ್ತಾಗುತ್ತದೆ, ಅಲ್ವಾ? ಹಾಗಾಗಿ ಅದು 5. ಶೇ 5ರ ಮಟ್ಟದಲ್ಲಿ, ಅಂದರೆ ಸರಿಯಾದ ದಾಳವನ್ನು ನೂರಕ್ಕೆ ಐದು ಸಲ ಮಾತ್ರ ತಪ್ಪಾಗಿ ದೂರುವಂತೆ ಇಟ್ಟರೆ, ಗಡಿ 11.07. ನಮ್ಮದು 1.78, ಗಡಿಗಿಂತ ತುಂಬಾ ಕೆಳಗಿದೆ. ಮುಖಗಳ ಮಟ್ಟಿಗೆ ದೂರು ಇಲ್ಲ.

ಮೂರನೇ ಹೆಜ್ಜೆ: ಸುತ್ತುಗಳನ್ನು ಎಣಿಸಿ

ಆದರೆ ಮೇಲಿನ ಲೆಕ್ಕಕ್ಕೆ ಬಿದ್ದ ಕ್ರಮ ಕಾಣುವುದಿಲ್ಲ. ಸರಿಯಾಗಿ ಕುಲುಕದೆ ಎಸೆದರೆ ಆರುಗಳು ಒಂದರ ಹಿಂದೆ ಒಂದು ಅಂಟಿಕೊಂಡು ಬರಬಹುದು. ಆಗಲೂ ಒಟ್ಟು ಎಣಿಕೆ ಸರಿಯಾಗಿಯೇ ಇರಬಹುದು. ‘ನಾಲ್ಕು ಆರು ಬಿತ್ತು’ ಅನ್ನುವ ದೂರನ್ನು ಪರೀಕ್ಷಿಸಬೇಕಾದರೆ ಪ್ರತಿ ಸುತ್ತಿನಲ್ಲಿ ಎಷ್ಟು ಆರು ಬಿದ್ದವು ಅಂತ ನೋಡಲೇಬೇಕು.

ನಾಲ್ಕು ಎಸೆತಕ್ಕೆ ಒಟ್ಟು 6×6×6×6, ಅಂದರೆ 1296 ಸಾಧ್ಯತೆ. ಅದರಲ್ಲಿ ಒಂದೂ ಆರು ಇಲ್ಲದವು 625. ಒಂದೇ ಆರು ಇರುವವು 500, ಎರಡು ಇರುವವು 150, ಮೂರು ಇರುವವು 20. ನಾಲ್ಕೂ ಆರು ಅನ್ನುವುದು ಒಂದೇ ಒಂದು. 108 ಅನ್ನುವುದು 1296ರ ಹನ್ನೆರಡನೇ ಒಂದು ಭಾಗ. ಹಾಗಾಗಿ ಈ ಐದು ಸಂಖ್ಯೆಗಳನ್ನು ಸುಮ್ನೆ 12ರಿಂದ ಭಾಗಿಸಿದರೆ ನಿರೀಕ್ಷಿತ ಎಣಿಕೆ ಸಿಗುತ್ತದೆ. 108 ಆರಿಸಿಕೊಂಡಿದ್ದು ಅದಕ್ಕೇ.

| ಸುತ್ತಿನಲ್ಲಿ ಬಿದ್ದ ಆರು | ನಿರೀಕ್ಷಿತ | ಸಿಕ್ಕಿದ್ದು | ಕೈ ಸ್ಕ್ವೇರ್ ಪಾಲು |
|---|---|---|---|
| 0 | 52.08 | 49 | 0.18 |
| 1 | 41.67 | 43 | 0.04 |
| 2 | 12.50 | 13 | 0.02 |
| 3 | 1.67 | 2 | 0.07 |
| 4 | 0.08 | 1 | 10.08 |

ಕೂಡಿದರೆ ಸುಮಾರು 10.4. ಐದು ಗುಂಪಿಗೆ ಡಿಗ್ರೀಸ್ ಆಫ್ ಫ್ರೀಡಂ 4, ಗಡಿ 9.49. ನಮ್ಮ ಬೆಲೆ ಗಡಿ ದಾಟಿದೆ. ದಾಳ ಕೆಟ್ಟದ್ದು ಅಂತ ಇಲ್ಲಿಗೇ ತೀರ್ಪು ಕೊಡುವವರು ಬೇಕಾದಷ್ಟು ಜನ.

ಕೊನೆಯ ಸಾಲನ್ನೇ ಹತ್ತಿರದಿಂದ ನೋಡಿ. 10.4ರಲ್ಲಿ 10.08 ಅದೊಂದರದ್ದೇ. ಉಳಿದ ನಾಲ್ಕು ಸಾಲು ಸೇರಿದರೂ ಅರ್ಧ ಆಗುವುದಿಲ್ಲ. ನಿರೀಕ್ಷಿತ ಎಣಿಕೆ 0.0833, ಸಿಕ್ಕಿದ್ದು 1. ವ್ಯತ್ಯಾಸ 0.9167, ಅದರ ವರ್ಗ 0.84. ಅದನ್ನು 0.0833ರಿಂದ ಭಾಗಿಸುವುದು ಅಂದರೆ ಹನ್ನೆರಡರಿಂದ ಗುಣಿಸಿದ ಹಾಗೆ. ಹೀಗೆ ಚಿಕ್ಕ ವ್ಯತ್ಯಾಸ ಬೆಟ್ಟದಷ್ಟಾಯಿತು.

ಹಾಗಾದರೆ 108 ಸುತ್ತಿನಲ್ಲಿ ಒಮ್ಮೆ ನಾಲ್ಕು ಆರು ಬೀಳುವುದು ಅಷ್ಟು ಅಸಾಧ್ಯವೇ? ಅಲ್ಲ. ಪೂರ್ತಿ ಸರಿಯಾದ ದಾಳದಲ್ಲೂ ಕನಿಷ್ಠ ಒಮ್ಮೆ ಹಾಗೆ ಬೀಳುವ ಸಂಭವ ಶೇ 8. ಬಿದ್ದರೆ ಸಾಕು, ಉಳಿದ ಸಾಲುಗಳು ಹೇಗಿದ್ದರೂ ಗಡಿ ದಾಟಿಬಿಡುತ್ತದೆ. ಅಂದರೆ ನೂರಕ್ಕೆ ಐದು ಸಲ ಮಾತ್ರ ತಪ್ಪು ಮಾಡುತ್ತೇನೆ ಅಂತ ಮಾತು ಕೊಟ್ಟ ಪರೀಕ್ಷೆ ಈ ಒಂದು ಸಾಲಿನಿಂದಲೇ ಎಂಟು ಸಲ ತಪ್ಪುತ್ತದೆ. ಪಟ್ಟಿಯ ಗಡಿ ಸಂಖ್ಯೆಗಳು ಪ್ರತಿ ಗುಂಪಿನ ಎಣಿಕೆ ಸಾಕಷ್ಟು ದೊಡ್ಡದಿದೆ ಅನ್ನುವ ನಂಬಿಕೆಯ ಮೇಲೆ ಬಂದಂಥವು. ಈ ಸಾಲಿನಲ್ಲಿ ಆ ನಂಬಿಕೆಯೇ ಸುಳ್ಳು.

ನಾಲ್ಕನೇ ಹೆಜ್ಜೆ: ಸಣ್ಣ ಗುಂಪುಗಳನ್ನು ಸೇರಿಸಿ

ರೂಢಿಯಲ್ಲಿರುವ ನಿಯಮ: ಪ್ರತಿ ಗುಂಪಿನ ನಿರೀಕ್ಷಿತ ಎಣಿಕೆ ಕನಿಷ್ಠ 5 ಇರಲಿ. ನೋಡಬೇಕಾದ್ದು ನಿರೀಕ್ಷಿತ ಎಣಿಕೆಯನ್ನು, ಸಿಕ್ಕಿದ ಎಣಿಕೆಯನ್ನಲ್ಲ. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಸಿಕ್ಕಿದ್ದು 2 ಇದ್ದು ನಿರೀಕ್ಷಿತ 12 ಇದ್ದರೆ ಆ ಗುಂಪನ್ನು ಮುಟ್ಟಬಾರದು. ಅಲ್ಲಿ ಕಂಡ ಕೊರತೆಯೇ ನಾವು ಹುಡುಕುತ್ತಿರುವ ಸಾಕ್ಷಿ.

ಅಂಚಿನಿಂದ ಶುರು ಮಾಡಿ. ‘ನಾಲ್ಕು ಆರು’ 0.08, ಸಾಲದು. ಪಕ್ಕದ ‘ಮೂರು ಆರು’ ಗುಂಪಿಗೆ ಸೇರಿಸಿದರೆ 1.75, ಇನ್ನೂ ಸಾಲದು. ಅದನ್ನು ‘ಎರಡು ಆರು’ ಗುಂಪಿಗೆ ಸೇರಿಸಿ. ಈಗ ‘ಎರಡು ಅಥವಾ ಹೆಚ್ಚು’ ಗುಂಪಿನ ನಿರೀಕ್ಷಿತ ಎಣಿಕೆ 14.25. ಇಲ್ಲಿಗೆ ನಿಲ್ಲಿಸಿ. ಸಿಕ್ಕಿದ್ದನ್ನೂ ಹಾಗೇ ಕೂಡಿಸಿ: 13, 2, 1 ಸೇರಿ 16. ವ್ಯತ್ಯಾಸ 1.75, ವರ್ಗ 3.06, ಪಾಲು 0.21.

ಹೊಸ ಮೊತ್ತ: 0.18, 0.04, 0.21 ಸೇರಿ, ದಶಾಂಶಗಳನ್ನು ಪೂರ್ತಿ ಇಟ್ಟುಕೊಂಡರೆ 0.44. ಈಗ ಗುಂಪು ಮೂರೇ. ಹಾಗಾಗಿ ಡಿಗ್ರೀಸ್ ಆಫ್ ಫ್ರೀಡಂ 2, ಗಡಿ 5.99. ಗುಂಪು ಸೇರಿಸಿದ ಮೇಲೂ ಹಳೆಯ 4 ಮತ್ತು 9.49 ಇಟ್ಟುಕೊಂಡರೆ ಗಡಿ ಸುಮ್ಮನೆ ಮೇಲೇರುತ್ತದೆ, ನಿಜವಾಗಿ ಕೆಟ್ಟ ದಾಳವೂ ಪಾಸಾಗಿಬಿಡುತ್ತದೆ. ಸ್ಪ್ರೆಡ್‌ಶೀಟ್ ಇದ್ದರೆ ಹೀಗೆ ಬರೆಯಿರಿ:

```
=CHISQ.DIST.RT(0.44,2)
```

ಉತ್ತರ 0.80. ಸರಿಯಾದ ದಾಳವೇ ಆಗಿದ್ದರೂ ನೂರಕ್ಕೆ ಎಂಬತ್ತು ಸಲ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ ಅಂತ ಅರ್ಥ. ಗಡಿ ದಾಟಿದ್ದ ದಾಳಕ್ಕೆ ಈಗ ದೋಷವೇ ಕಾಣುತ್ತಿಲ್ಲ.

ಸೇರಿಸುವಾಗ ಜೋಪಾನ

ಬೇಕಾದ ಉತ್ತರ ಬರುವ ತನಕ ಗುಂಪು ಸೇರಿಸಿದ್ದೀರಿ ಅಂತ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ನಿರೀಕ್ಷಿತ ಎಣಿಕೆಯಲ್ಲೇ ಇದೆ. ಅದನ್ನು ದಾಳ ಮುಟ್ಟುವ ಮೊದಲೇ ಪೆನ್ಸಿಲ್ ಹಿಡಿದು ಲೆಕ್ಕ ಹಾಕಬಹುದು. ಆದ್ದರಿಂದ ಯಾವ ಗುಂಪುಗಳನ್ನು ಸೇರಿಸುತ್ತೀರಿ ಅಂತ ಎಸೆಯುವ ಮೊದಲೇ ಕಾಗದದ ಮೇಲೆ ಬರೆದಿಡಿ. ಗರ ಬಿದ್ದ ಮೇಲೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ.

5 ಅನ್ನುವುದು ಕಲ್ಲಿನ ಮೇಲೆ ಕೊರೆದ ಗೆರೆಯೇನಲ್ಲ. ‘ಮೂರು ಅಥವಾ ಹೆಚ್ಚು’ ಗುಂಪನ್ನು 1.75ಕ್ಕೇ ಬಿಟ್ಟು ನಾಲ್ಕು ಗುಂಪು ಇಟ್ಟುಕೊಂಡು ನೋಡಿ. ಮೊತ್ತ 1.14, ಗಡಿ 7.81. ತೀರ್ಪು ಅದೇ. ಎರಡು ರೀತಿ ಸೇರಿಸಿದಾಗ ಎರಡು ತೀರ್ಪು ಬಂದರೆ ಮಾತ್ರ ಎಸೆತ ಸಾಲದು ಅಂತ ತಿಳಿಯಿರಿ.

ಇನ್ನೊಂದು ಮಾತು. ಮೂರು ಆರು, ನಾಲ್ಕು ಆರು ಅನ್ನುವುದು ಅಕ್ಕಪಕ್ಕದ ಗುಂಪುಗಳು, ಅವಕ್ಕೊಂದು ಕ್ರಮವಿದೆ. ದಾಳದ ಮುಖಗಳಿಗೆ ಅಂಥ ಕ್ರಮ ಇಲ್ಲ. 24 ಸಲ ಮಾತ್ರ ಎಸೆದರೆ ಪ್ರತಿ ಮುಖಕ್ಕೂ ನಿರೀಕ್ಷಿತ ಎಣಿಕೆ 4 ಬರುತ್ತದೆ. ಆಗ ಒಂದನ್ನೂ ಆರನ್ನೂ ಸೇರಿಸೋಣ ಅಂತ ಹೊರಡಬೇಡಿ. ಅವು ಎದುರುಬದುರು ಮುಖಗಳು. ಒಂದರ ಕಡೆ ಭಾರ ತುಂಬಿದ್ದರೆ ಆರು ಜಾಸ್ತಿ ಬೀಳುತ್ತದೆ, ಒಂದು ಕಡಿಮೆಯಾಗುತ್ತದೆ. ಎರಡನ್ನೂ ಕೂಡಿಸಿದರೆ ಮೋಸ ಒಳಗೊಳಗೇ ಮುಚ್ಚಿಹೋಗುತ್ತದೆ. ಅಲ್ಲಿ 24ರ ಬದಲು 30 ಎಸೆತ ಅಂತ ಮೊದಲೇ ನಿರ್ಧರಿಸಿದರೆ 5 ತಾನಾಗಿ ಬರುತ್ತದೆ.

ಸುತ್ತಿನ ಲೆಕ್ಕದಲ್ಲೂ ಸೇರಿಸುವುದಕ್ಕೆ ಬೆಲೆ ತೆರಬೇಕು. ಎರಡು ಆರು ಕಡಿಮೆ ಬಿದ್ದು ಮೂರು ಆರು ಜಾಸ್ತಿ ಬಿದ್ದರೆ ನಮ್ಮ ಮೂರು ಗುಂಪಿಗೆ ಅದು ಕಾಣುವುದಿಲ್ಲ. ಆ ಅಂಚನ್ನೇ ನೋಡಬೇಕು ಅನ್ನುವವರು 324 ಸುತ್ತು ಎಸೆಯಲಿ. ಆಗ ‘ಮೂರು ಅಥವಾ ಹೆಚ್ಚು’ ಗುಂಪಿಗೇ 5.25 ಬರುತ್ತದೆ, ಅದು ಬೇರೆಯಾಗಿ ನಿಲ್ಲಬಲ್ಲದು.

‘ದೋಷ ಕಾಣಲಿಲ್ಲ’ ಅಂದರೆ ಎಷ್ಟು?

ಗಡಿ ದಾಟಲಿಲ್ಲ ಅಂದ ಮಾತ್ರಕ್ಕೆ ದಾಳ ಸರಿ ಅಂತ ಸಾಬೀತಾಗಲಿಲ್ಲ. ಆರು ಶೇ 20, ಉಳಿದವು ತಲಾ ಶೇ 16 ಬೀಳುವ ದಾಳವನ್ನು 432 ಎಸೆತದ ಮುಖದ ಪರೀಕ್ಷೆಗೆ ಕೊಟ್ಟರೆ ಹೆಚ್ಚಿನ ಸಲ ಅದು ಸಿಕ್ಕಿಬೀಳುವುದೇ ಇಲ್ಲ. ಸಣ್ಣ ವಾಲು ಹಿಡಿಯಬೇಕಾದರೆ ಎಸೆತ ಜಾಸ್ತಿ ಬೇಕು.

ಎಷ್ಟು ಜಾಸ್ತಿ? ಪಿಯರ್ಸನ್ ಬಳಸಿದ ಎಸೆತಗಳಲ್ಲಿ ಒಂದು ಗುಂಪು ಅವರ ಸಹೋದ್ಯೋಗಿ ವೆಲ್ಡನ್ ಅವರದು. ಹನ್ನೆರಡು ದಾಳಗಳನ್ನು ಒಟ್ಟಿಗೆ 26,306 ಸಲ ಎಸೆದು, ಪ್ರತಿ ಸಲ ಎಷ್ಟು ದಾಳಗಳಲ್ಲಿ ಐದು ಅಥವಾ ಆರು ಬಿತ್ತು ಅಂತ ಬರೆದಿಟ್ಟ ಲೆಕ್ಕ ಅದು. ಅಷ್ಟು ಎಸೆದರೂ ಅಂಚು ತೆಳುವೇ ಉಳಿಯಿತು. ಹತ್ತು ದಾಳಗಳಲ್ಲಿ ಬಿದ್ದದ್ದು 14 ಸಲ, ಹನ್ನೊಂದರಲ್ಲಿ 4, ಹನ್ನೆರಡರಲ್ಲಿ ಒಮ್ಮೆಯೂ ಇಲ್ಲ. ನಿರೀಕ್ಷಿತ ಎಣಿಕೆ ಕ್ರಮವಾಗಿ 13.07, 1.19, 0.05. ಮೂರನ್ನೂ ಸೇರಿಸಿದರೆ 18ರ ಎದುರು ಸುಮಾರು 14.3. ಈ ಅಂಚಿನಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ.

ಆದರೂ ಆ ದಾಳಗಳು ಪರೀಕ್ಷೆಯಲ್ಲಿ ಬಿದ್ದುಹೋದವು. ಐದು ಅಥವಾ ಆರು ಬೀಳಬೇಕಾದ್ದು ಶೇ 33.33, ಬಿದ್ದದ್ದು ಶೇ 33.77. ಆ ವಾಲು ಮಧ್ಯದ ದೊಡ್ಡ ಗುಂಪುಗಳಲ್ಲೇ ಎದ್ದು ಕಂಡಿತು. ಐದು ದಾಳಗಳ ಸಾಲಿನಲ್ಲಿ ಸುಮಾರು 5,018 ಬರಬೇಕಿತ್ತು, ಬಂದದ್ದು 5,194.